ಸಿಟಿಸಿಯಲ್ಲಿ ಕಾಣುವ ಗ್ರಾಚ್ಯುಟಿ ಯಾರ ದುಡ್ಡು?

ಪ್ರಶ್ನೆ: ಹೊಸ ಕೆಲಸದ ಆಫರ್ ಲೆಟರ್‌ನಲ್ಲಿ ಸಿಟಿಸಿ 7.2 ಲಕ್ಷ ಅಂತಿದೆ. ಬೇಸಿಕ್ ತಿಂಗಳಿಗೆ 30,000. ಗ್ರಾಚ್ಯುಟಿ ಅಂತ ವರ್ಷಕ್ಕೆ 17,308 ರೂಪಾಯಿಯನ್ನೂ ಸಿಟಿಸಿಯೊಳಗೇ ಸೇರಿಸಿದ್ದಾರೆ. ಅದು ಪ್ರತಿ ತಿಂಗಳ ಸಂಬಳದಲ್ಲಿ ಬರುವುದಿಲ್ಲವಂತೆ. ನನ್ನದೇ ದುಡ್ಡು ಹಿಡಿದಿಟ್ಟುಕೊಂಡು ಆಮೇಲೆ ನನಗೇ ಕೊಡುತ್ತಾರಾ?

ಉತ್ತರ: ಇಲ್ಲ. ಪಿಎಫ್‌ಗೆ ನಿಮ್ಮ ಪಾಲೂ ಕಡಿತವಾಗುತ್ತದೆ, ಗ್ರಾಚ್ಯುಟಿ ಪೂರ್ತಿ ಮಾಲೀಕರ ಹೊಣೆ. ಸಂಬಳ ಚೀಟಿಯ ಕಡಿತದ ಭಾಗದಲ್ಲಿ ಗ್ರಾಚ್ಯುಟಿ ಎಂಬ ಸಾಲು ಕಂಡರೆ ಎಚ್‌ಆರ್‌ನವರನ್ನು ಕೇಳಲೇಬೇಕು.

17,308 ಬಂದದ್ದು ಹೀಗೆ. ಒಂದು ವರ್ಷದ ಸೇವೆಗೆ 15 ದಿನದ ವೇತನ ಕೊಡಬೇಕು. ಭಾನುವಾರಗಳನ್ನು ಕಳೆದು ತಿಂಗಳಿಗೆ 26 ದಿನ ಎಂದು ಹಿಡಿಯುವುದರಿಂದ, 30,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತಾರೆ. ತುಟ್ಟಿಭತ್ಯೆ ಇದ್ದರೆ ಬೇಸಿಕ್‌ಗೆ ಅದನ್ನೂ ಕೂಡಿಸಬೇಕು. ವರ್ಷದ ಬೇಸಿಕ್‌ನ ಲೆಕ್ಕದಲ್ಲಿ ಇದು ಶೇ 4.81. ನೀವು ಕೆಲಸ ಮಾಡಿದ ಪ್ರತಿ ವರ್ಷವೂ ಕಂಪನಿಯ ತಲೆಯ ಮೇಲೆ ಇಷ್ಟು ಬಾಕಿ ಏರುತ್ತದೆ, ಲೆಕ್ಕಪತ್ರದಲ್ಲಿ ಅದನ್ನು ಖರ್ಚೆಂದೇ ತೋರಿಸುತ್ತಾರೆ. ಸಿಟಿಸಿ ಎಂದರೆ ನಿಮಗಾಗಿ ಕಂಪನಿಗೆ ತಗಲುವ ವೆಚ್ಚ ತಾನೇ? ಅದಕ್ಕೇ ಒಳಗೆ ಬಂದು ಕೂತಿದೆ. (ಆಫರ್ ದೊಡ್ಡದಾಗಿ ಕಾಣುತ್ತದೆ ಎಂಬ ಅನುಕೂಲವೂ ಇದೆ ಅನ್ನಿ.)

ಆದರೆ ಕೊನೆಗೆ ಕೈಗೆ ಬರುವುದು ಈ ಸಾಲುಗಳ ಮೊತ್ತವಲ್ಲ. ನಿಮ್ಮ ಬೇಸಿಕ್ ವರ್ಷಕ್ಕೆ 3,000 ಏರುತ್ತಾ ಹೋಗಿ, 7 ವರ್ಷ 8 ತಿಂಗಳಿಗೆ ಕೆಲಸ ಬಿಡುವಾಗ 51,000 ಆಗಿದೆ ಎಂದುಕೊಳ್ಳಿ. ಆರು ತಿಂಗಳು ಮೀರಿದ್ದರಿಂದ ಸೇವೆಯನ್ನು 8 ವರ್ಷವೆಂದು ಎಣಿಸುತ್ತಾರೆ. ಎಂಟೂ ವರ್ಷಕ್ಕೆ ಕೊನೆಯ ಬೇಸಿಕ್ಕೇ ಆಧಾರ. 51,000ವನ್ನು 26ರಿಂದ ಭಾಗಿಸಿ, 15ರಿಂದಲೂ 8ರಿಂದಲೂ ಗುಣಿಸಿದರೆ 2,35,385 ರೂಪಾಯಿ. ಆಯಾ ವರ್ಷದ ಸಿಟಿಸಿಯಲ್ಲಿ ತೋರಿಸಿದ್ದನ್ನು ಕೂಡಿದರೆ ಸುಮಾರು 1,77,115 ಅಷ್ಟೇ. 58,000ಕ್ಕೂ ಮೀರಿದ ಈ ವ್ಯತ್ಯಾಸವನ್ನು ಕಂಪನಿಯೇ ತುಂಬಬೇಕು.

ಇದರ ಇನ್ನೊಂದು ಮುಖ ಮೂರನೇ ವರ್ಷಕ್ಕೇ ಕೆಲಸ ಬದಲಿಸುವವರಿಗೆ ಕಾಣುತ್ತದೆ. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಆಗಿರಬೇಕು. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಮಾತ್ರ ಈ ಷರತ್ತಿಲ್ಲ. ಮೊದಲೇ ರಾಜೀನಾಮೆ ಕೊಟ್ಟರೆ ಮೂರು ವರ್ಷ ಸಿಟಿಸಿಯಲ್ಲಿ ತೋರಿಸಿದ್ದನ್ನು ಕಾನೂನಿನ ಪ್ರಕಾರ ಕೇಳುವಂತಿಲ್ಲ. ನಿಗದಿತ ಅವಧಿಯ ಒಪ್ಪಂದದವರಿಗೆ ಮಾತ್ರ 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಒಂದೇ ವರ್ಷ ಸಾಕು ಎನ್ನುತ್ತದೆ.

ಹಾಗಾಗಿ ಎರಡು ಆಫರ್‌ಗಳನ್ನು ತೂಗುವಾಗ, ಐದು ವರ್ಷ ಅಲ್ಲಿರುತ್ತೇನೆ ಎಂಬ ಖಾತ್ರಿ ಇಲ್ಲದಿದ್ದರೆ ಎರಡರಿಂದಲೂ ಗ್ರಾಚ್ಯುಟಿ ಸಾಲನ್ನು ಕಳೆದುಬಿಡಿ. ನಿಮ್ಮ 7.2 ಲಕ್ಷ ಆಗ 7,02,692 ಆಗುತ್ತದೆ. ಅಲ್ಲಿಂದ ಚೌಕಾಶಿ ಶುರು ಮಾಡಿ.