ಇಬ್ಬರೂ ಒಪ್ಪಿದರು ಅಂದರೆ ಎಷ್ಟು ಒಪ್ಪಿದಂತೆ?

'ನೂರಕ್ಕೆ ಇಷ್ಟು ಸಂಪಾದಕೀಯಗಳು ಸರ್ಕಾರದ ನಿರ್ಧಾರವನ್ನು ಟೀಕಿಸಿವೆ' ಎಂಬಂಥ ಸಾಲನ್ನು ಸಂಶೋಧನಾ ವರದಿಗಳಲ್ಲಿ ಓದಿರುತ್ತೀರಿ. ಆ ಸಂಖ್ಯೆ ಎಲ್ಲಿಂದ ಬರುತ್ತದೆ? ಯಾರೋ ಕೂತು ಒಂದೊಂದೇ ಸಂಪಾದಕೀಯ ಓದಿ 'ಇದು ಟೀಕೆ, ಇದು ಅಲ್ಲ' ಅಂತ ಗುರುತು ಹಾಕಿರುತ್ತಾರೆ. ಈ ಗುರುತು ಹಾಕುವ ಕೆಲಸಕ್ಕೆ ಕೋಡಿಂಗ್ ಅಂತಾರೆ, ಮಾಡುವವರು ಕೋಡರ್, ಇಡೀ ವಿಧಾನ ವಿಷಯ ವಿಶ್ಲೇಷಣೆ. ಅವರ ಬದಲು ಬೇರೆಯವರು ಓದಿದ್ದರೂ ಅದೇ ಸಂಖ್ಯೆ ಬರುತ್ತಿತ್ತಾ? ಗೋಜಲು ಇರುವುದು ಇಲ್ಲೇ.

ಮೊದಮೊದಲು ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಪತ್ರಿಕೆಗಳನ್ನು ಹೀಗೆ ಅಳೆಯಲು ಹೊರಟವರು ಯಾವ ವಿಷಯಕ್ಕೆ ಎಷ್ಟು ಕಾಲಂ ಜಾಗ ಅಂತ ನೋಡಿದರು, ಅಷ್ಟೇ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್‌ವೆಲ್ ತಂಡ ಪ್ರಚಾರದ ಭಾಷೆಯನ್ನು ಎಣಿಸತೊಡಗಿತ್ತು. ಯುದ್ಧ ಮುಗಿದ ಮೇಲೆ ಅವರೂ ಅವರ ಜೊತೆಗಾರರೂ ಐದು ದೇಶಗಳ ಪ್ರಮುಖ ಪತ್ರಿಕೆಗಳ ಸಂಪಾದಕೀಯಗಳನ್ನೇ ಆರಿಸಿಕೊಂಡರು. 1890ರಿಂದ 1949ರವರೆಗಿನ ಸಾವಿರಾರು ಸಂಪಾದಕೀಯಗಳಲ್ಲಿ 416 ಮುಖ್ಯ ಪದಗಳನ್ನು ಹುಡುಕಿದರು. ಪದ ಇದೆಯೋ ಇಲ್ಲವೋ ಅನ್ನುವುದಕ್ಕೆ ಜಗಳ ಕಡಿಮೆ. ಆದರೆ ಆ ಪದವನ್ನು ಮೆಚ್ಚಿ ಬರೆದಿದ್ದಾರಾ, ತೆಗಳಿ ಬರೆದಿದ್ದಾರಾ ಅನ್ನುವುದನ್ನೂ ಗುರುತಿಸಬೇಕಿತ್ತು. ಅಲ್ಲಿಗೆ ಓದುಗರ ತೀರ್ಮಾನ ಒಳಗೆ ಬಂತು.

ಆಗ ಇದ್ದ ಉಪಾಯ ಸರಳ. ಒಂದೇ ಬರಹವನ್ನು ಇಬ್ಬರಿಗೆ ಕೊಡಿ, ಎಷ್ಟು ಕಡೆ ಗುರುತು ಹೊಂದಿತು ಎಣಿಸಿ, ಶೇಕಡಾ ಲೆಕ್ಕ ಹೇಳಿ. ಇದು ಇವತ್ತಿಗೂ ಚಾಲ್ತಿಯಲ್ಲಿದೆ, ನನ್ನ ಪ್ರಕಾರ ಇರಬೇಕಾದ್ದಕ್ಕಿಂತ ಜಾಸ್ತಿಯೇ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. 100 ಸಂಪಾದಕೀಯ, ಇಬ್ಬರು ಕೋಡರ್‌ಗಳು, ಪ್ರಶ್ನೆ ಒಂದೇ: ಟೀಕೆ ಇದೆಯಾ ಇಲ್ಲವಾ? 86ರಲ್ಲಿ ಇಬ್ಬರೂ 'ಇಲ್ಲ' ಅಂದರು, 4ರಲ್ಲಿ ಇಬ್ಬರೂ 'ಇದೆ' ಅಂದರು. ಉಳಿದ 10ರಲ್ಲಿ ಒಪ್ಪಲಿಲ್ಲ: 5ರಲ್ಲಿ ಮೊದಲನೆಯವರಿಗೆ ಮಾತ್ರ ಟೀಕೆ ಕಂಡಿತು, ಇನ್ನು 5ರಲ್ಲಿ ಎರಡನೆಯವರಿಗೆ ಮಾತ್ರ. ಒಪ್ಪಿಗೆ ಶೇ. 90. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಯಾರಾದರೊಬ್ಬರಿಗಾದರೂ ಟೀಕೆ ಕಂಡದ್ದು 14ರಲ್ಲಿ, ಇಬ್ಬರಿಗೂ ಕಂಡದ್ದು ಬರೀ 4ರಲ್ಲಿ. ಅಧ್ಯಯನ ಹುಡುಕುತ್ತಿದ್ದದ್ದೇ ಟೀಕೆಯನ್ನು. ಅದರಲ್ಲೇ ಒಪ್ಪಿಗೆ ಇಲ್ಲ.

ಇದಕ್ಕೆ ಉತ್ತರವಾಗಿ 1955ರಲ್ಲಿ ವಿಲಿಯಂ ಸ್ಕಾಟ್ ಅವರ ಪೈ ಎಂಬ ಅಳತೆ ಬಂತು, 1960ರಲ್ಲಿ ಜೇಕಬ್ ಕೋಹೆನ್ ಅವರ ಕಪ್ಪಾ, ಆಮೇಲೆ ಕ್ಲಾಸ್ ಕ್ರಿಪೆನ್‌ಡಾರ್ಫ್ ಅವರ ಆಲ್ಫಾ. ಮೂರರ ಹಿಂದಿರುವ ಯೋಚನೆ ಒಂದೇ: ಸುಮ್ನೆ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಎಷ್ಟು ಹೊಂದುತ್ತಿತ್ತೋ ಅಷ್ಟನ್ನು ಕಳೆಯಬೇಕು. ನಮ್ಮ ಲೆಕ್ಕದಲ್ಲಿ ಇಬ್ಬರೂ 91 ಸಲ 'ಇಲ್ಲ', 9 ಸಲ 'ಇದೆ' ಅಂದಿದ್ದಾರೆ. 0.91ರ ವರ್ಗಕ್ಕೆ 0.09ರ ವರ್ಗ ಕೂಡಿಸಿದರೆ ಸುಮಾರು 0.836. ಅಂದರೆ ಆಕಸ್ಮಿಕವಾಗಿಯೇ ಶೇ. 84ರಷ್ಟು ಹೊಂದುತ್ತಿತ್ತು.

```
(0.90 - 0.836) / (1 - 0.836) = 0.39
```

ಇದು ಕಪ್ಪಾ. ಇಲ್ಲಿ ಪೈ, ಆಲ್ಫಾ ಹಾಕಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. 0.8ಕ್ಕಿಂತ ಮೇಲಿದ್ದರೆ ನಂಬಬಹುದು, 0.667ಕ್ಕಿಂತ ಕೆಳಗಿದ್ದರೆ ಕೈಬಿಡಿ ಎಂಬುದು ಕ್ರಿಪೆನ್‌ಡಾರ್ಫ್ ಕೊಟ್ಟ ಅಳತೆ. ಹಾಗಾಗಿ ಶೇ. 90ರ ಈ ಒಪ್ಪಿಗೆ ನಪಾಸು. ಒಂದು ಗುರುತು ಅಪರೂಪವಾಗಿದ್ದಾಗ ಕಪ್ಪಾ ಹೀಗೆ ಕುಸಿಯುವುದು ಅನ್ಯಾಯ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಆದರೂ 14ರಲ್ಲಿ 4 ಅನ್ನುವುದು ಬದಲಾಗುವುದಿಲ್ಲ.

ಇಷ್ಟಾದಾಗ ಕೋಡರ್‌ಗಳು ಸರಿಯಾಗಿ ಓದಿಲ್ಲ ಅಂತ ಅಂದುಕೊಳ್ಳುವುದು ಸುಲಭ. ಬಹುಪಾಲು ಎಡವಟ್ಟು ಇರುವುದು ಅವರ ಕೈಗೆ ಕೊಟ್ಟ ಕೋಡ್‌ಬುಕ್‌ನಲ್ಲಿ, ಅಂದರೆ ನಿಯಮದ ಪುಸ್ತಕದಲ್ಲಿ. ಸಂಪಾದಕೀಯದ ಮಾತಿನ ರೀತಿಯೇ ಹಾಗೆ: ಮೊದಲ ಎರಡು ಪ್ಯಾರಾ ಸರ್ಕಾರದ ಉದ್ದೇಶವನ್ನು ಹೊಗಳಿ, ಮೂರನೆಯದರಲ್ಲಿ 'ಆದರೆ' ಅಂತ ಶುರುವಾಗಿ, ಕೊನೆಗೆ 'ಇನ್ನಷ್ಟು ಎಚ್ಚರ ವಹಿಸಬೇಕು' ಅಂತ ಮುಗಿಯುತ್ತದೆ. ಇದು ಟೀಕೆಯಾ, ಸಲಹೆಯಾ? 'ಒಟ್ಟು ಧಾಟಿ ನೋಡಿ' ಅಂತ ಮಾತ್ರ ಬರೆದಿದ್ದರೆ ಒಬ್ಬರು ಹೊಗಳಿಕೆಗೆ ತೂಕ ಕೊಡುತ್ತಾರೆ, ಇನ್ನೊಬ್ಬರು ಕೊನೆಯ ಸಾಲಿಗೆ. ಅದರ ಬದಲು 'ನಿರ್ಧಾರದಲ್ಲಿ ಇಂಥ ತಪ್ಪಿದೆ ಅಂತ ನೇರವಾಗಿ ಹೇಳುವ ಒಂದು ವಾಕ್ಯವಾದರೂ ಇದ್ದರೆ ಟೀಕೆ. ಮುಂದೆ ಏನು ಮಾಡಬೇಕು ಅಂತ ಮಾತ್ರ ಹೇಳಿದರೆ ಸಲಹೆ' ಅಂತ ಬರೆದು, ಗಡಿಯಲ್ಲಿರುವ ಎರಡು ಮೂರು ಉದಾಹರಣೆ ಕೊಟ್ಟರೆ ಇಬ್ಬರ ಕಣ್ಣೂ ಒಂದೇ ಕಡೆ ಹೋಗುತ್ತದೆ.

ನಿಯಮ ತಿದ್ದಿದ ಮೇಲೆ ಮಾಡಬೇಕಾದ್ದು ಬೇಸರದ ಕೆಲಸ. ತಿದ್ದಲು ಬಳಸಿದ ಸಂಪಾದಕೀಯಗಳನ್ನು ಬದಿಗಿಟ್ಟು, ಹೊಸದಾಗಿ ಚೀಟಿ ಎತ್ತಿದಂತೆ ಆರಿಸಿದವನ್ನು ಇಬ್ಬರೂ ಮಾತಾಡಿಕೊಳ್ಳದೆ ಓದಿ, ಮತ್ತೆ ಲೆಕ್ಕ ಹಾಕಬೇಕು. ಹಳೆಯ ನಿಯಮದಲ್ಲಿ ಗುರುತು ಹಾಕಿದ್ದನ್ನೆಲ್ಲ ಮತ್ತೆ ಓದಬೇಕು. ಸಮಯ ಸಾಲದಾಗ ಈ ಹಂತವೇ ಜಾರಿಹೋಗುತ್ತದೆ. ಇಬ್ಬರೂ ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದ ಮೇಲಿನ ಒಪ್ಪಿಗೆಯೇ ವರದಿಗೆ ಹೋಗುತ್ತದೆ, ಕೆಲವೊಮ್ಮೆ ಒಗ್ಗದ ಎರಡು ಬಗೆಯ ಗುರುತುಗಳನ್ನು ಸೇರಿಸಿ ಒಂದು ಮಾಡಿದ ಮೇಲೆ. ಚರ್ಚೆ ತಪ್ಪಲ್ಲ. ಆದರೆ ಚರ್ಚೆಗೆ ಮುಂಚಿನ ಅಂಕಿ, ಅದೂ ಒಂದೊಂದು ಬಗೆಯ ಗುರುತಿಗೂ ಬೇರೆಬೇರೆಯಾಗಿ, ವರದಿಯಲ್ಲಿ ಇರಲೇಬೇಕು. ಜೊತೆಗೆ ಕೋಡ್‌ಬುಕ್ ಕೂಡ ಸಿಗಬೇಕು. ಅದಿಲ್ಲದೆ ಓದುಗರಿಗೆ ಶೇ. 90 ಕಾಣುತ್ತದೆ, ಆ 14ರಲ್ಲಿ 4 ಕಾಣುವುದೇ ಇಲ್ಲ.