ಪದ ಪರಿಚಯ: ಅಂದದ ಅಂಕ

ಒಂದು ಮುಖದ ಫೋಟೊವನ್ನು ಹಲವರಿಗೆ ತೋರಿಸಿ, ಅಂದಕ್ಕೆ 1ರಿಂದ 7ರ ಒಳಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ಬಂದದ್ದರ ಸರಾಸರಿ ತೆಗೆದಾಗ ಸಿಗುವ ಸಂಖ್ಯೆಯೇ ಅಂದದ ಅಂಕ. ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಈ ಪದ್ಧತಿ ಹಳೆಯದು. ಈಗ ಮುಖ ನೋಡಿ ಅಂಕ ಹೇಳುವ ಆ್ಯಪ್‌ಗಳೂ ಇಂಥ ಅಂಕಗಳಿಂದಲೇ ಪಾಠ ಕಲಿತಿರುತ್ತವೆ. ದಶಮಾಂಶದವರೆಗೆ ಬರುವ ಸಂಖ್ಯೆಯಾದ್ದರಿಂದ ನೋಡಲು ಗಟ್ಟಿ ಅಳತೆಯಂತೆ ಕಾಣುತ್ತದೆ. ಆದರೆ ಒಬ್ಬರದು ಒಂದೇ ಫೋಟೊ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಆ ಅಂಕ ಹೆಚ್ಚಾಗಿ ಆ ಫೋಟೊದ್ದು. ಅದನ್ನು ವ್ಯಕ್ತಿಯ ಹೆಸರಿನ ಮುಂದೆ ಬರೆದಲ್ಲೇ ತಪ್ಪು ಶುರುವಾಗುತ್ತದೆ.

ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂಬುದೊಂದನ್ನೇ ತೆಗೆದುಕೊಳ್ಳಿ. ಮೂಗಿನ ತುದಿಗಿಂತ ಕಿವಿಗಳು ಸುಮಾರು 12 ಸೆಂ.ಮೀ. ಹಿಂದಿವೆ ಎಂದಿಟ್ಟುಕೊಳ್ಳೋಣ. ಮೊಬೈಲನ್ನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದರೆ ಕಿವಿಗಳು 42 ಸೆಂ.ಮೀ. ದೂರದಲ್ಲಿರುತ್ತವೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ, ಕಿವಿಗಳಿಗೆ ಹೋಲಿಸಿದರೆ ಮೂಗು 42 ಭಾಗಿಸು 30, ಅಂದರೆ 1.4 ಪಟ್ಟು ಹಿಗ್ಗುತ್ತದೆ. ಅದೇ ಮೊಬೈಲನ್ನು ಇನ್ನೊಬ್ಬರು 150 ಸೆಂ.ಮೀ. ದೂರ ನಿಂತು ಹಿಡಿದರೆ ಈ ಅನುಪಾತ 162 ಭಾಗಿಸು 150, ಅಂದರೆ 1.08. ಎರಡನ್ನೂ ಹೋಲಿಸಿದರೆ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಮುಖದ ಶಸ್ತ್ರಚಿಕಿತ್ಸಕರು 2018ರಲ್ಲಿ ಪ್ರಕಟಿಸಿದ ಲೆಕ್ಕವೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿತ್ತು. ಇದಕ್ಕೆ ಲೆನ್ಸನ್ನು ದೂರುವವರು ಬಹಳ, ನಿಜವಾದ ಕಾರಣ ದೂರ. ಇದರ ಮೇಲೆ ನೆತ್ತಿಯ ಮೇಲಿನ ದೀಪದ ನೆರಳು, ಅರೆ ಮುಚ್ಚಿದ ಕಣ್ಣು, ಮುಗುಳ್ನಗೆ ಇದ್ದದ್ದು ಇಲ್ಲದ್ದು ಎಲ್ಲವೂ ಸೇರುತ್ತವೆ.

ಇವೆಲ್ಲ ಸೇರಿ ಎಷ್ಟು ವ್ಯತ್ಯಾಸ ಮಾಡುತ್ತವೆ? ಮನಶ್ಶಾಸ್ತ್ರಜ್ಞ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ನೆದರ್‌ಲ್ಯಾಂಡ್ಸ್‌ನ ಇಬ್ಬರು ಪ್ರಸಿದ್ಧರ ತಲಾ 20 ಫೋಟೊಗಳನ್ನು ಕಲಸಿ, ಅವರ ಪರಿಚಯವೇ ಇಲ್ಲದ ಬ್ರಿಟನ್ನಿನ ಜನರ ಕೈಗೆ ಕೊಟ್ಟು, ಒಬ್ಬೊಬ್ಬರದು ಒಂದೊಂದು ಗುಂಪು ಮಾಡಿ ಎಂದರು. ಎರಡರ ಬದಲು ಸಾಮಾನ್ಯವಾಗಿ ಏಳೆಂಟು ಗುಂಪಾದವು, ಇನ್ನೂ ಹೆಚ್ಚು ಮಾಡಿದವರೂ ಇದ್ದರು. ಒಬ್ಬರದೇ ಮುಖ ಫೋಟೊದಿಂದ ಫೋಟೊಗೆ ಬೇರೆಯವರದೇ ಅನ್ನಿಸುವಷ್ಟು ಬದಲಾಗಿತ್ತು. ಅದೇ ಅಧ್ಯಯನದಲ್ಲಿ ಅಂದಕ್ಕೆ ಅಂಕ ಕೇಳಿದಾಗ, ಒಬ್ಬ ವ್ಯಕ್ತಿಯ ಫೋಟೊಗಳ ನಡುವಿನ ಏರಿಳಿತ ಬೇರೆ ಬೇರೆ ವ್ಯಕ್ತಿಗಳ ನಡುವಿನ ಅಂತರವನ್ನೂ ಮೀರಿತು.

ಹೀಗಾದಾಗ ಅಂಕ ನೋಡಿ ಜನರಿಗೆ ಕೊಡುವ ರ‍್ಯಾಂಕಿಂಗ್ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ‘ಕ’ ಎಂಬುವರ ಮೂರು ಫೋಟೊಗಳಿಗೆ 3.4, 4.6, 5.2 ಬಂದಿವೆ, ‘ಖ’ ಎಂಬುವರ ಮೂರಕ್ಕೆ 4.1, 4.3, 4.8. ಇಬ್ಬರ ಸರಾಸರಿಯೂ 4.4. ಒಬ್ಬೊಬ್ಬರದು ಒಂದೊಂದೇ ಫೋಟೊ ತೆಗೆದು ಹೋಲಿಸಿದರೆ ಒಂಬತ್ತು ಜೋಡಿ ಆಗುತ್ತವೆ. ಅವುಗಳಲ್ಲಿ ಐದರಲ್ಲಿ ‘ಕ’ ಮೇಲೆ, ನಾಲ್ಕರಲ್ಲಿ ‘ಖ’ ಮೇಲೆ. ಯಾರು ಮೊದಲು ಬರುತ್ತಾರೆ ಎಂಬುದು ಅಂಕ ಹಾಕಿಸಿದ ದಿನ ಕೈಗೆ ಸಿಕ್ಕ ಫೋಟೊದ ಮೇಲೆ ನಿಂತಿದೆ.

ಅಂಕ ಕೊಡುವವರ ಸಂಖ್ಯೆ ಹೆಚ್ಚಿಸಿದರೆ ಸರಿಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸರಿಹೋಗುವುದಿಲ್ಲ. ಸಾವಿರ ಜನ ನೋಡಿದರೆ ‘ಕ’ ಅವರ ಮೊದಲ ಫೋಟೊಗೆ 3.4 ಎಂಬುದು ಇನ್ನಷ್ಟು ಖಚಿತವಾಗುತ್ತದೆ, ಆ ಫೋಟೊ ಅವರನ್ನು ಎಷ್ಟು ಹೋಲುತ್ತದೆ ಎಂಬುದು ಒಂದಿಷ್ಟೂ ಸ್ಪಷ್ಟವಾಗುವುದಿಲ್ಲ. ಅಂಕ ಕೊಟ್ಟವರನ್ನು ಎರಡು ಪಾಲು ಮಾಡಿ, ಎರಡೂ ಪಾಲಿನ ಸರಾಸರಿ ಹೊಂದುತ್ತವೆ ಎಂದು ತೋರಿಸಿ ‘ನಮ್ಮ ಅಳತೆ ನಂಬಲರ್ಹ’ ಎನ್ನುವುದು ಇಲ್ಲಿನ ಮಾಮೂಲಿ ಎಡವಟ್ಟು. ಎರಡೂ ಪಾಲಿನವರು ನೋಡಿದ್ದು ಅದೇ ಫೋಟೊವನ್ನು, ಹೊಂದದೆ ಇನ್ನೇನು? ನಿಜವಾಗಿ ಪರೀಕ್ಷಿಸಬೇಕಾದರೆ ಅದೇ ಜನರ ಬೇರೆ ದಿನದ, ಬೇರೆ ಕ್ಯಾಮೆರಾದ ಫೋಟೊಗಳಿಗೆ ಹೊಸದಾಗಿ ಅಂಕ ಹಾಕಿಸಿ, ಎರಡು ಪಟ್ಟಿಗಳ ಕ್ರಮ ಹೊಂದುತ್ತದೆಯೇ ನೋಡಬೇಕು.

ನೋಡುವವರ ಕಡೆಯ ಗೊಂದಲ ಬೇರೆ ಇದೆ. ಜನರ ಮೆಚ್ಚುಗೆಯಲ್ಲಿ ಸುಮಾರು ಅರ್ಧ ಎಲ್ಲರಿಗೂ ಸಮಾನ, ಉಳಿದರ್ಧ ಅವರವರ ಸ್ವಂತ ಅಭಿರುಚಿ ಎಂಬುದು 2006ರ ಒಂದು ವಿಶ್ಲೇಷಣೆಯ ಅಂದಾಜು. ಸರಾಸರಿ ತೆಗೆದಾಗ ಈ ಎರಡನೆಯ ಅರ್ಧ ಕಣ್ಮರೆಯಾಗುತ್ತದೆ. ಸಾಲಾಗಿ ಮುಖಗಳನ್ನು ನೋಡುವಾಗ ಹಿಂದಿನ ಮುಖಕ್ಕೆ ಕೊಟ್ಟ ಅಂಕ ಮುಂದಿನದನ್ನೂ ತನ್ನ ಕಡೆಗೆ ಎಳೆಯುತ್ತದೆ. ತಂತ್ರಾಂಶಕ್ಕೆ ಒಪ್ಪಿಸಿದರೆ ಪಕ್ಷಪಾತ ಹೋಗುತ್ತದೆ ಎಂಬ ನಂಬಿಕೆಗೆ 2016ರ ‘ಬ್ಯೂಟಿ.ಎಐ’ ಸ್ಪರ್ಧೆಯೇ ಉತ್ತರ: ಸುಮಾರು 6,000 ಜನ ಫೋಟೊ ಕಳಿಸಿದ್ದರು, 44 ಮಂದಿ ಗೆದ್ದರು, ಬಹುತೇಕ ಎಲ್ಲರೂ ಬಿಳಿಯರು.

ಹಾಗಾದರೆ ಬದಲಿಗೆ ಏನು? ಮೊದಲು ಕೇಳಬೇಕಾದ್ದು, ಈ ರ‍್ಯಾಂಕಿಂಗಿನಿಂದ ಯಾವ ತೀರ್ಮಾನ ಮಾಡಲು ಹೊರಟಿದ್ದೇವೆ ಎಂದು. ಸ್ವಾಗತಕಾರರ ಹುದ್ದೆಯನ್ನೇ ನೋಡೋಣ. ‘ನೋಡಲು ಲಕ್ಷಣವಾಗಿರಬೇಕು’ ಎಂಬ ಮಾತಿನ ಹಿಂದೆ ಇರುವ ನಿಜವಾದ ಬೇಡಿಕೆಗಳು ಇವು: ಬಂದವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು, ಸರಿಯಾದ ಕಡೆಗೆ ಕಳಿಸುವುದು, ರೇಗಿದವರ ಎದುರು ತಾಳ್ಮೆ ಕಳೆದುಕೊಳ್ಳದಿರುವುದು. ಮೂರನ್ನೂ ಹತ್ತು ನಿಮಿಷದ ಒಂದು ಅಣಕು ಪ್ರಸಂಗದಲ್ಲಿ ಪರೀಕ್ಷಿಸಬಹುದು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಸಂಗ, ಅದೇ ಮಾತುಗಳು. ಅಂಕ 1ರಿಂದ 5, ಆದರೆ ಪ್ರತಿ ಅಂಕಕ್ಕೂ ಅರ್ಥವನ್ನು ಮೊದಲೇ ಬರೆದಿಡಬೇಕು. ‘ಕೇಳಿಸಿಕೊಳ್ಳುವುದು’ ಎಂಬಲ್ಲಿ 1 ಅಂದರೆ ಮಧ್ಯೆ ಬಾಯಿ ಹಾಕಿ ತಪ್ಪು ಕೊಠಡಿಗೆ ಕಳಿಸಿದರು. 3 ಅಂದರೆ ಪೂರ್ತಿ ಕೇಳಿ ಸರಿಯಾಗಿ ಕಳಿಸಿದರು. 5 ಅಂದರೆ ಬಂದವರು ಹೇಳಲು ಮರೆತದ್ದನ್ನೂ ಕೇಳಿ ತಿಳಿದು ಕಳಿಸಿದರು.

ಅರ್ಜಿಗಳಿಂದ ಫೋಟೊ ತೆಗೆದರೆ ಮೊದಲ ಆಯ್ಕೆಯಲ್ಲಿ ಮುಖದ ಪ್ರಭಾವ ಇರುವುದಿಲ್ಲ. ಎದುರಿಗೆ ಬಂದಾಗ ಮುಖ ಕಂಡೇ ಕಾಣುತ್ತದೆ, ಮತ್ತು ಚೆಂದ ಕಂಡವರಿಗೆ ಬೇರೆ ಗುಣಗಳಲ್ಲೂ ಕೈಬಿಚ್ಚಿ ಅಂಕ ಕೊಡುವುದು ಹಳೆಯ ಚಾಳಿ. ಅದನ್ನು ತಗ್ಗಿಸಲು ಪ್ರಸಂಗದ ಧ್ವನಿಯನ್ನಷ್ಟೇ ದಾಖಲಿಸಿ ಎರಡನೆಯ ಪರೀಕ್ಷಕರಿಗೆ ಕೇಳಿಸಿ. ಅವರು ಎಲ್ಲ ಅಭ್ಯರ್ಥಿಗಳ ‘ಕೇಳಿಸಿಕೊಳ್ಳುವುದು’ ಭಾಗಕ್ಕೆ ಮೊದಲು ಅಂಕ ಹಾಕಿ, ಆಮೇಲೆ ಎರಡನೆಯ ಗುಣಕ್ಕೆ ಹೋಗಲಿ. ಒಬ್ಬರದನ್ನು ಪೂರ್ತಿ ಮುಗಿಸಿ ಇನ್ನೊಬ್ಬರಿಗೆ ಹೋದರೆ ಮೊದಲ ಗುಣದ ಅಂಕ ಉಳಿದೆರಡಕ್ಕೂ ಅಂಟಿಕೊಳ್ಳುತ್ತದೆ. ಪರೀಕ್ಷಕರಿಬ್ಬರೂ ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದುಕೊಡಬೇಕು. ಎರಡು ಅಥವಾ ಹೆಚ್ಚು ಅಂಕದ ಅಂತರ ಬಂದಲ್ಲಿ ದಾಖಲೆಯನ್ನು ಮತ್ತೆ ಕೇಳಿ ನಿರ್ಧರಿಸಬೇಕು. ಸುಮ್ಮನೆ ಸರಾಸರಿ ತೆಗೆದರೆ ಯಾರದು ತಪ್ಪೆಂಬುದು ಮುಚ್ಚಿಹೋಗುತ್ತದೆ.

ಇನ್ನು ಫೋಟೊಗಳನ್ನೇ ಹೋಲಿಸುವುದು ತಪ್ಪೇನಲ್ಲ, ಅವು ಒಬ್ಬರದೇ ಆಗಿರುವಾಗ. ಪ್ರೊಫೈಲಿಗೆ ನನ್ನ ಯಾವ ಫೋಟೊ ಹಾಕಲಿ ಎಂಬ ಪ್ರಶ್ನೆಗೆ ಅಂಕ ಹಾಕಿಸಿ ಉತ್ತರ ಪಡೆಯಬಹುದು. ಇಲ್ಲಿ ಒಂದು ಸೋಜಿಗವಿದೆ. 2017ರ ಒಂದು ಅಧ್ಯಯನದಲ್ಲಿ ಜನ ತಾವೇ ಆರಿಸಿಕೊಂಡ ತಮ್ಮ ಫೋಟೊಗಳಿಗಿಂತ ಅಪರಿಚಿತರು ಆರಿಸಿದ ಫೋಟೊಗಳೇ ನೋಡುವವರ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿಸಿದವು. ಹಾಗಾಗಿ ಹತ್ತು ಹನ್ನೆರಡು ಫೋಟೊಗಳನ್ನು ನಿಮ್ಮ ಪರಿಚಯವಿಲ್ಲದ ಕೆಲವರಿಗೆ ಕೊಟ್ಟು, ಯಾವ ಉದ್ದೇಶಕ್ಕೆ ಎಂದು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ತೋರಿಸಿದರೆ ಸಾಕು.