ಹೈಫಾದ ಕುದುರೆಗಳೂ ಎಂಟುನೂರು ಮೀಟರಿನ ಲೆಕ್ಕವೂ

ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾ ಊರಿನಲ್ಲಿ ತುರ್ಕಿ ಸೇನೆಯ ಮೇಲೆ ಹೋದ ಮೈಸೂರು ಮಹಾರಾಜರ ಕುದುರೆ ದಳವೇ ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕಕ್ಕೆ ಯಾರನ್ನು ಕರೆದುಕೊಂಡು ಹೋದರೂ ಒಂದೇ ಪ್ರಶ್ನೆ ಬರುತ್ತದೆ. "ಹೈಫಾದಲ್ಲಿ ನಮ್ಮವರು ಈಟಿ ಹಿಡಿದುಕೊಂಡೇ ಮಷಿನ್‌ಗನ್ನುಗಳ ಮೇಲೆ ನುಗ್ಗಿ ಗೆದ್ದರಂತೆ. ಹಾಗಿದ್ರೆ ಕುದುರೆ ದಳದ ಕಾಲ ಯಾಕೆ ಮುಗೀತು ಸಾರ್?" ನಾನು ಬಾಯಿ ತೆಗೆಯೋಕ್ಕೆ ಮೊದಲೇ ಪಕ್ಕದವರು ಯಾರಾದರೂ ಹೇಳಿಬಿಡುತ್ತಾರೆ: "ಕುದುರೆಗಿಂತ ಗುಂಡು ಜೋರಾಗಿ ಹೋಗುತ್ತಲ್ಲ, ಅದಕ್ಕೆ."

ಇಷ್ಟು ವರ್ಷ ಕುದುರೆಗಳ ಜೊತೆ ಕಳೆದವನಿಗೆ ಈ ಉತ್ತರ ಕೇಳಿದರೆ ಸಂಕಟ ಆಗುತ್ತದೆ. ಗುಂಡು ಯಾವ ಕಾಲದಲ್ಲೂ ಕುದುರೆಗಿಂತ ಜೋರಾಗಿಯೇ ಹೋಗುತ್ತಿತ್ತು. 1807ರಲ್ಲಿ ಐಲಾವ್ ಕದನದಲ್ಲಿ ನೆಪೋಲಿಯನ್ನನ ಸೇನಾಪತಿ ಮ್ಯೂರಾ ಸುಮಾರು 10,000 ಸವಾರರನ್ನು ರಷ್ಯನ್ನರ ಸಾಲಿನ ಮೇಲೆ ನುಗ್ಗಿಸಿದ. ಆ ರಷ್ಯನ್ನರ ಕೈಯಲ್ಲೂ ಬಂದೂಕು ಇತ್ತು. ಆದರೂ ಸವಾರರು ಸಾಲನ್ನು ಸೀಳಿಕೊಂಡು ಹೋದರು. ಹಾಗಾಗಿ ಗುಂಡಿನ ವೇಗವನ್ನು ಬಿಡಿ. ಕುದುರೆ ಎಷ್ಟು ಹೊತ್ತು ಗುಂಡಿನ ಎದುರು ಇರಬೇಕಿತ್ತು ಅನ್ನೋದನ್ನ ಲೆಕ್ಕ ಹಾಕಿ.

ಮಲೆನಾಡಿನ ಕಡೆಯವರು ಕೇಪಿನ ಕೋವಿ ನೋಡಿರುತ್ತೀರಿ. ನಳಿಗೆಯ ಬಾಯಿಗೆ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿಯಬೇಕು. ಹಳೆಯ ಸೈನಿಕರ ಬಂದೂಕೂ ಹೆಚ್ಚುಕಮ್ಮಿ ಹೀಗೆಯೇ ಇತ್ತು. ನಳಿಗೆಯ ಒಳಗೆ ನುಣುಪು, ಗುಂಡು ಸ್ವಲ್ಪ ಸಡಿಲ. 100 ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿ ಇಟ್ಟು ಹೊಡೆಯುವುದು ಅದೃಷ್ಟದ ಮಾತು. ಇನ್ನೊಮ್ಮೆ ತುಂಬಲು 15-20 ಸೆಕೆಂಡ್ ಬೇಕು. ನಾಗಾಲೋಟದಲ್ಲಿರುವ ಕುದುರೆ ಕೊನೆಯ 100 ಮೀಟರನ್ನು ಸುಮಾರು 10 ಸೆಕೆಂಡಿನಲ್ಲಿ ಮುಗಿಸುತ್ತದೆ. ಅಂದರೆ ಎದುರಿನವನಿಗೆ ಸಿಗುವುದು ಒಂದೇ ಗುಂಡು. ಅದು ತಪ್ಪಿದರೆ ಕುದುರೆ ಮೈಮೇಲೆ ಬಂದಾಯಿತು.

ನಳಿಗೆಯ ಒಳಗೆ ಸುರುಳಿ ಗೀರು ಕೊರೆದರೆ ಗುಂಡು ತಿರುಗುತ್ತಾ ಹೋಗುತ್ತದೆ, ದಾರಿ ತಪ್ಪುವುದಿಲ್ಲ. ಅದೇ ರೈಫಲ್. ಹಿಂದಿನಿಂದ ತೋಟಾ ತುಂಬುವ ರೈಫಲ್ ಬಂದ ಮೇಲೆ ಸೈನಿಕ ಎದ್ದು ನಿಲ್ಲಬೇಕಾಗಿಲ್ಲ, ಮಲಗಿಕೊಂಡೇ ತುಂಬಿ ಹೊಡೆಯಬಹುದು. 1880ರ ದಶಕದಲ್ಲಿ ಹೊಗೆ ಇಲ್ಲದ ಮದ್ದು ಬಂತು. ಗುಂಡಿನ ದಾರಿ ಇನ್ನೂ ನೇರವಾಯಿತು. 500 ಮೀಟರಿಗೆ ಗುರಿ ಇಟ್ಟ ಗುಂಡು ದಾರಿಯುದ್ದಕ್ಕೂ ಸವಾರನ ತಲೆಗಿಂತ ಮೇಲೆ ಹೋಗುವುದೇ ಇಲ್ಲ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಕುದುರೆಗೋ ಸವಾರನಿಗೋ ತಗಲುತ್ತದೆ.

ಈಗ 800 ಮೀಟರ್ ಬಯಲು ಇಟ್ಟುಕೊಳ್ಳಿ. "ಅಷ್ಟೂ ದೂರ ನಾಗಾಲೋಟದಲ್ಲೇ ಹೋಗಬಹುದಲ್ವಾ?" ಅಂತ ಕೇಳುತ್ತಾರೆ. ಆಗಲ್ಲ. ಯುದ್ಧದ ಕುದುರೆಯ ಬೆನ್ನ ಮೇಲೆ ಸವಾರ, ಜೀನು, ಆಯುಧ, ದಾಣಿ, ನೀರು ಎಲ್ಲ ಸೇರಿ ನೂರು ಕಿಲೋ ದಾಟುತ್ತದೆ. ಮೊದಲಿಂದಲೇ ಓಡಿಸಿದರೆ ಕೊನೆಗೆ ಉಸಿರು ಕಟ್ಟುತ್ತದೆ. ಒಂದು ಕುದುರೆ ಮುಂದೆ, ಇನ್ನೊಂದು ಹಿಂದೆ, ಸಾಲು ಚೆಲ್ಲಾಪಿಲ್ಲಿ. ಚೆದುರಿದ ಸಾಲಿಗೆ ಯಾರೂ ಹೆದರುವುದಿಲ್ಲ. ಅದಕ್ಕೇ ಮೊದಲು ಕುಕ್ಕುವ ಓಟ, ಅಂದರೆ ಟ್ರಾಟ್, ಆಮೇಲೆ ವೇಗದ ಓಟ, ಕೊನೆಯ ನೂರು ಮೀಟರಿಗೆ ಮಾತ್ರ ಪೂರ್ತಿ ಲಗಾಮು ಬಿಡುವುದು. 400 ಮೀಟರ್ ಟ್ರಾಟ್‌ಗೆ ಹೆಚ್ಚುಕಮ್ಮಿ 110 ಸೆಕೆಂಡ್. ಮುಂದಿನ 300 ಮೀಟರಿಗೆ 40. ಕೊನೆಯ 100 ಮೀಟರಿಗೆ 10. ಒಟ್ಟು 160 ಸೆಕೆಂಡ್. ನಿಮಿಷಕ್ಕೆ ಹತ್ತು ಗುಂಡು ಹೊಡೆಯುವ ಸಾಧಾರಣ ಸೈನಿಕನೂ ಅಷ್ಟರಲ್ಲಿ 25ಕ್ಕಿಂತ ಜಾಸ್ತಿ ಹೊಡೆಯುತ್ತಾನೆ. ಒಂದು ಮ್ಯಾಕ್ಸಿಮ್ ಮಷಿನ್‌ಗನ್ನು ತಡೆದು ತಡೆದು ಹೊಡೆದರೂ 600 ದಾಟುತ್ತದೆ. ಇದು ನನ್ನ ಅಂದಾಜು. ನೆಲ, ಕುದುರೆ, ಸೈನಿಕನ ತರಬೇತಿ ನೋಡಿ ಏರುಪೇರು ಆಗುತ್ತದೆ. ಆದರೆ ಒಂದು ಗುಂಡಿದ್ದದ್ದು ಇಪ್ಪತ್ತೈದಾಗಿದೆ ಅನ್ನೋದು ಸುಳ್ಳಲ್ಲ.

ಕಾಗದದ ಮೇಲೆ ಇದು ಹುಡುಗರ ತಲೆಗೆ ಹೋಗುವುದಿಲ್ಲ. ಒಮ್ಮೆ ಕಾಲೇಜು ಹುಡುಗರ ಗುಂಪೊಂದನ್ನು ಬಯಲಲ್ಲಿ ಬೋರಲು ಮಲಗಿಸಿ, ಕೈಗೆ ಒಂದೊಂದು ಕೋಲು ಕೊಟ್ಟೆ. ಬೋಲ್ಟ್ ಎಳೆದು, ತಳ್ಳಿ, ಗುರಿ ಇಟ್ಟು, "ಠಾ" ಅನ್ನಬೇಕು, ಎಷ್ಟು ಸಲ ಅಂತ ಎಣಿಸಬೇಕು. ದೂರದಿಂದ ನಾಲ್ಕು ಕುದುರೆ ಬಿಟ್ಟೆ. ಮೊದಲ ಒಂದು ನಿಮಿಷ ಎಲ್ಲರೂ ನಗುತ್ತಿದ್ದರು. ಅಷ್ಟು ದೂರದ ಕುದುರೆ ಹೆಬ್ಬೆರಳಿನಷ್ಟೂ ಕಾಣುವುದಿಲ್ಲ, ಅದಕ್ಕೆ ಯಾರು ಹೆದರುತ್ತಾರೆ? ಕೊನೆಯ ಅರವತ್ತು ಮೀಟರಿಗೆ ಬಂದಾಗ ಮಾತ್ರ ಎದೆಯ ಕೆಳಗೆ ನೆಲ ಅದುರತೊಡಗಿತು. ಇಬ್ಬರು ಕೋಲು ಬಿಟ್ಟು ಎದ್ದು ಓಡಿದರು. ಕುದುರೆಗಳನ್ನು ಸಾಕಷ್ಟು ಮೊದಲೇ ಪಕ್ಕಕ್ಕೆ ತಿರುಗಿಸುವ ಏರ್ಪಾಡಿತ್ತು, ಗಾಬರಿಯಾಗಬೇಡಿ.

ಆ ಹುಡುಗರು ಓಡಿದರಲ್ಲ, ಕುದುರೆ ದಾಳಿಯ ಶಕ್ತಿ ಇದ್ದದ್ದು ಅಲ್ಲೇ. ಬಯೊನೆಟ್ಟಿನ ಬೇಲಿಯ ಮೇಲೆ ಕುದುರೆ ತಾನಾಗಿ ಹೋಗಿ ಬೀಳುವುದಿಲ್ಲ. ಕಾಲಾಳು ಹೆದರಿ ಚೆದುರಬೇಕು, ಆಗ ಈಟಿಗೆ ಕೆಲಸ. ಆ ಹೆದರಿಕೆ ಹುಟ್ಟುವುದು ಕೊನೆಯ ಕೆಲವು ಸೆಕೆಂಡಿನಲ್ಲಿ. ರೈಫಲ್ಲು, ಮಷಿನ್‌ಗನ್ನು ಬಂದ ಮೇಲೆ ಬಯಲಿನಲ್ಲಿ ಆ ಕೊನೆಯ ಸೆಕೆಂಡುಗಳ ತನಕ ದಳ ಉಳಿಯುವುದೇ ಕಷ್ಟವಾಯಿತು. ಜೊತೆಗೆ, ಮುಂದಿನ ಸಾಲಿನ ಕುದುರೆ ಬಿದ್ದರೆ ಹಿಂದಿನದು ಅದನ್ನೇ ಎಡವುತ್ತದೆ.

1870ರ ಆಗಸ್ಟ್ 16ರಂದು ಮಾರ್ಸ್-ಲಾ-ಟೂರ್‌ನಲ್ಲಿ ಪ್ರಷ್ಯದ ಸೇನಾಪತಿ ಫಾನ್ ಬ್ರೆಡೋ ಸುಮಾರು 800 ಸವಾರರೊಂದಿಗೆ ಫ್ರೆಂಚ್ ಫಿರಂಗಿಗಳ ಮೇಲೆ ನುಗ್ಗಿ ಗೆದ್ದ. ಹೆಚ್ಚುಕಮ್ಮಿ ಅರ್ಧದಷ್ಟು ಜನರನ್ನು ಕಳೆದುಕೊಂಡ. ಅದನ್ನೇ ತೋರಿಸಿ, ಕುದುರೆ ದಾಳಿ ಇನ್ನೂ ನಡೆಯುತ್ತದೆ ಎಂದು ದಶಕಗಳ ಕಾಲ ವಾದ ಮಾಡಿದರು. ಆದರೆ ಬ್ರೆಡೋ ಬಹಳ ದೂರ ನೆಲದ ತಗ್ಗಿನಲ್ಲಿ, ಮದ್ದಿನ ಹೊಗೆಯ ಮರೆಯಲ್ಲಿ ಬಂದಿದ್ದ. ಗುಂಡಿಗೆ ಎದುರಾದ ಹೊತ್ತು ಕಡಿಮೆ ಇತ್ತು. ಹೊಗೆ ಇಲ್ಲದ ಮದ್ದು ಬಂದ ಮೇಲೆ ಆ ಮರೆಯೂ ಹೋಯಿತು.

ಹೈಫಾವನ್ನೂ ಹೀಗೇ ನೋಡಬೇಕು ಅನ್ನೋದು ನನ್ನ ಕೋರಿಕೆ. 1918ರ ಸೆಪ್ಟೆಂಬರ್ 23. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಊರಿಗೆ ಹೋಗುವ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ತುರ್ಕಿಯವರ ಫಿರಂಗಿ, ಇಳಿಜಾರಿನಲ್ಲಿ ಮಷಿನ್‌ಗನ್ನು. ಮೈಸೂರಿನವರ ಜೊತೆಗಿದ್ದ ಇನ್ನೊಂದು ಕುದುರೆ ದಳ ಜೋಧಪುರ ಲ್ಯಾನ್ಸರ್ಸ್ ಊರಿನ ಮೇಲೆ ಹೋಗುವ ಮೊದಲೇ ಮೈಸೂರಿನ ಒಂದು ಸ್ಕ್ವಾಡ್ರನ್, ಅಂದರೆ ಒಂದು ತುಕಡಿ, ಬೆಟ್ಟ ಹತ್ತಲು ಹೊರಟಿತ್ತು. ಕೆಳಗಿನಿಂದ ನಮ್ಮ ಕಡೆಯ ಫಿರಂಗಿ ಹೊಡೆಯುತ್ತಿತ್ತು. ಜೋಧಪುರದವರು ನದಿಯ ಕಡೆ ಹೋದಾಗ ಅಲ್ಲಿ ಉಸುಬು. ಕೂಡಲೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮಷಿನ್‌ಗನ್ನುಗಳ ಮೇಲೆಯೇ ಹೋದರು. ಅವರ ಮೇಜರ್ ದಳಪತ್ ಸಿಂಗ್ ಆ ದಾಳಿಯಲ್ಲಿ ಗುಂಡು ತಗಲಿ ತೀರಿಕೊಂಡರು. ಅದಾಗಲೇ ನಾಲ್ಕು ದಿನದಿಂದ ತುರ್ಕಿ ಸೇನೆ ಎಲ್ಲ ಕಡೆ ಕುಸಿಯುತ್ತಿತ್ತು, ಹೈಫಾದಲ್ಲಿ ಇದ್ದವರು ತೆಳ್ಳಗೆ ಹರಡಿದ್ದರು. 1,350 ಜನ ಸೆರೆಸಿಕ್ಕರು.

ಇದರಿಂದ ಅವರ ಧೈರ್ಯ ಒಂದು ಕೂದಲಷ್ಟೂ ಕಡಿಮೆ ಆಗುವುದಿಲ್ಲ. ಬೆಟ್ಟ ಹತ್ತಿದ ಮೈಸೂರಿನವರ ಕುದುರೆಗಳು ಆ ಕಲ್ಲಿನ ದಾರಿಯಲ್ಲಿ ಸೋತುಹೋಗಿದ್ದವು. ಹಾಚ್‌ಕಿಸ್ ಮಷಿನ್‌ಗನ್ನುಗಳಿಂದ ಹೊಡೆಯಲು ಒಂದಷ್ಟು ಜನರನ್ನು ಬಿಟ್ಟು, ಉಳಿದ ಬೆರಳೆಣಿಕೆಯ ಸವಾರರು ಫಿರಂಗಿಗಳ ಮೇಲೆ ಹೋದರು. ಶತ್ರು ತಲೆ ಎತ್ತದಂತೆ ಗುಂಡು ಹೊಡೆದು, ಆ ಹೊತ್ತಿನಲ್ಲಿ ದೂರ ದಾಟುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಈ ದಳಗಳಿದ್ದ ಬ್ರಿಗೇಡಿನಲ್ಲಿ 8 ಜನ ಸತ್ತರು, 34 ಜನ ಗಾಯಗೊಂಡರು. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಕೋಲು ಹಿಡಿದು ಮಲಗಿದ್ದ ಹುಡುಗರಿಗೆ ಈ ಅಂಕಿ ಓದಿ ಹೇಳಿದಾಗ, ಓಡಿಹೋಗಿದ್ದ ಇಬ್ಬರಲ್ಲಿ ಒಬ್ಬ ಎದ್ದು, ಬೆವರಿ ನಿಂತಿದ್ದ ಕುದುರೆಯ ಕುತ್ತಿಗೆ ಸವರುತ್ತಾ ಕೇಳಿದ: "ಸಾರ್, ಗುಂಡು ಮೊದಲು ಇದಕ್ಕೇ ಬೀಳ್ತಿತ್ತು, ಅಲ್ವಾ?" ಹೌದಪ್ಪ ಅಂದೆ.